ಮೂಡಲಪಾಯದ ಆಟದಲ್ಲಿ ವೇಷದ ಸಂಕೇತಗಳು

ಬೆಳ್ಳಾವಿ, ಗುಬ್ಬಿ, ಕುಣಿಗಲುಗಳನ್ನೊಳಗೊಂಡ ತುಮಕೂರು ಸೀಮೆಯು ಮೂಡಲಪಾಯ ಯಕ್ಷಗಾನದ ನೆಲೆಗಳಲ್ಲಿ ಒಂದು. ಸುಗ್ಗಿ ಮುಗಿದ ಬಳಿಕ ಊರ ಬಯಲಿನಲ್ಲಿ ಇರುಳಿಡೀ ನಡೆಯುತ್ತಿದ್ದ ಈ ಆಟಕ್ಕೆ ಪೂರ್ವದಲ್ಲಿ ಪಂಜುಗಳೇ ಬೆಳಕು. ದೂರದಲ್ಲಿ ಕುಳಿತವನಿಗೆ ಪಾತ್ರಧಾರಿಯ ಕಣ್ಣಿನ ಸೂಕ್ಷ್ಮಭಾವಗಳು ತೋರವು. ಆದುದರಿಂದ ಪಾತ್ರವು ಬಾಯ್ದೆರೆಯುವ ಮುನ್ನವೇ ಅದು ಯಾರದೆಂಬುದನ್ನು ವೇಷವು ಸಾರಬೇಕಾಗಿತ್ತು.

ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರುಗಳನ್ನು ಕೂಡಿಸಿದ ಕಿರೀಟ, ಭುಜಕೀರ್ತಿ, ಎದೆಹಾರಗಳು ಈ ವೇಷದ ಮುಖ್ಯಾಂಗಗಳು. ಪಂಜಿನ ಬೆಳಕು ಕನ್ನಡಿಗಳಲ್ಲಿ ಮಿನುಗಿ, ಭುಜಗಳು ಅಗಲವಾಗಿ, ಆಳು ಮಾನುಷಪ್ರಮಾಣವನ್ನು ಮೀರಿ ಕಾಣುವನು. ಆದರೆ ಈ ಆಭರಣಗಳನ್ನು ಅರಸನೂ ವೀರನೂ ರಾಕ್ಷಸನೂ ಧರಿಸುವರು. ಅವು ತಿಳಿಸುವುದು ಅಂತಸ್ತನ್ನೇ ಹೊರತು ಸ್ವಭಾವವನ್ನಲ್ಲ. ಸ್ವಭಾವವನ್ನು ಹೇಳುವುದು ಮುಖವರ್ಣಿಕೆ. ಅರದಾಳ, ಇಂಗಳೀಕ, ಸಫೇತು, ಕಾಡಿಗೆ ಎಂಬಿವೇ ಅದರ ಸಾಮಗ್ರಿ. ಅರಸನಿಗೂ ವೀರನಿಗೂ ತಿಳಿಯಾದ ಮೈಬಣ್ಣ, ತಿದ್ದಿದ ಹುಬ್ಬುಮೀಸೆ. ರಾಕ್ಷಸನಿಗೆ ಕೆಂಪು ಕಪ್ಪುಗಳ ದಪ್ಪ ಗೀರುಗಳು, ಕೋರೆಹಲ್ಲು. ಇವೆರಡನ್ನೂ ನಿಶ್ಚಯಪಡಿಸುವುದು ನಡೆ. ಅರಸನು ಅಳೆದ ಹೆಜ್ಜೆಯಲ್ಲಿ ಬರುವನು. ವೀರನ ಕುಣಿತ ಚುರುಕಾದುದು. ರಾಕ್ಷಸನು ತೆರೆಯ ಹಿಂದಿನಿಂದಲೇ ಆರ್ಭಟಿಸಿ, ರಾಳದ ಜ್ವಾಲೆಯ ನಡುವೆ ನೆಲವನ್ನೊದೆಯುತ್ತ ಬರುವನು. ಬಳಿಕ ಸಾರಥಿಯು ನೀವಾರೆಂದು ಕೇಳುವುದು, ನೋಟವು ಆಗಲೇ ಹೇಳಿದುದನ್ನು ಮಾತಿನಿಂದ ದೃಢಪಡಿಸುವುದಕ್ಕಾಗಿ.

ಈ ಮೂರು ಗುರುತುಗಳನ್ನು ಕೂಡಿಸಿಯೇ ಓದಬೇಕೆಂಬುದಕ್ಕೆ ಪ್ರಹ್ಲಾದನ ಕಥೆ ತಕ್ಕ ನಿದರ್ಶನ. ಹಿರಣ್ಯಕಶಿಪು ಅರಸನೂ ಹೌದು, ದೈತ್ಯನೂ ಹೌದು. ಕಿರೀಟ ಭುಜಕೀರ್ತಿಗಳು ಅವನ ಪ್ರಭುತ್ವವನ್ನೂ ಮುಖದ ಕೆಂಪು ಅವನ ಉಗ್ರತೆಯನ್ನೂ ತೋರುವುವು. ಓಲಗದಲ್ಲಿ ರಾಜಗಾಂಭೀರ್ಯದಿಂದಿದ್ದ ನಡೆ ಮಗನ ಹರಿಭಕ್ತಿಯನ್ನು ಕಂಡೊಡನೆ ಒಡೆದು, ಅಳತೆ ತಪ್ಪಿದ ಹೆಜ್ಜೆಯಾಗುವುದು. ಒಳಗಿದ್ದ ದೈತ್ಯನು ಹೊರಬಂದುದಕ್ಕೆ ಅದೇ ಸೂಚನೆ. ಅವನ ಮಗನಾದರೂ ಪ್ರಹ್ಲಾದನಿಗೆ ಸೌಮ್ಯವಾದ ಬಣ್ಣವೇ ಸಲ್ಲುವುದು. ಆದುದರಿಂದ ಬಣ್ಣವು ಕುಲದ ಗುರುತಲ್ಲ, ಗುಣದ ಗುರುತು. ಕಂಬದಿಂದ ಹೊರಡುವ ನರಸಿಂಹನ ಮುಖವೋ ದೈತ್ಯನ ಮುಖಕ್ಕಿಂತಲೂ ಭೀಕರ. ಆದರೂ ಪ್ರೇಕ್ಷಕರು ಕೈಮುಗಿಯುವರು. ಇಲ್ಲಿ ವರ್ಣಿಕೆಯೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ, ಕಥಾಸಂದರ್ಭವೂ ಬೇಕಾಗುತ್ತದೆ.

ಈ ವ್ಯವಸ್ಥೆ ಸಡಿಲಿದುದು ಬೇರೊಂದು ರಂಗದ ಸಂಪರ್ಕದಿಂದ. 1884ರಲ್ಲಿ ಇದೇ ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಕಂಪನಿ ನಾಟಕಗಳ ಮಖಮಲ್ಲು ಜರಿಯ ಉಡುಪು ಕ್ರಮೇಣ ಬಯಲಾಟಕ್ಕೂ ಹಬ್ಬಿತು. ಪಂಜಿನ ಸ್ಥಾನಕ್ಕೆ ಗ್ಯಾಸ್ ದೀಪ, ಬಳಿಕ ವಿದ್ಯುದ್ದೀಪ ಬಂದುವು. ಸಮೀಪದಿಂದ ನೋಡುವ ರಂಗಕ್ಕೆ ಹೊಂದಿದ ಆ ಉಡುಪಿನಲ್ಲಿ ಭುಜದ ಅಗಲವಿಲ್ಲ. ಸಮನಾದ ಬೆಳಕಿನಲ್ಲಿ ಕನ್ನಡಿಯ ಮಿನುಗೂ ಇಲ್ಲ. ಮುಖವರ್ಣಿಕೆಯೂ ತೆಳುವಾದೆಡೆ ರಾಕ್ಷಸನು ಕೇವಲ ಕೋಪಿಷ್ಠನಾದ ಅರಸನಂತೆ ಕಾಣುವನು. ಅಂಥಲ್ಲಿ ಭೇದವನ್ನು ಕಾಯುವ ಭಾರವೆಲ್ಲ ಹೆಜ್ಜೆಯ ಮೇಲೆ ಬೀಳುವುದು. ಭಾಗವತನು ಅದನ್ನು ತಿದ್ದಿ ಕಲಿಸದಿದ್ದರೆ, ಪಾತ್ರದ ಗುರುತಿಗೆ ಸಾರಥಿಯ ಪ್ರಶ್ನೆಯೊಂದೇ ಉಳಿಯುವುದು.