ತೋಡಿನ ಕಟ್ಟದಿಂದ ಕೊಳವೆಬಾವಿಗೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಬೈಲುಗಳಲ್ಲಿ ಸಾಮುದಾಯಿಕ ನೀರಿನ ದುರಂತ

ಪೀಠಿಕೆ

ಹುಲ್ಲುಗಾವಲು ಊರಿಗೆಲ್ಲ ಸೇರಿದ್ದಾದರೆ, ಇನ್ನೊಂದು ದನವನ್ನು ಮೇಯಲು ಬಿಟ್ಟವನಿಗೆ ಅದರ ಲಾಭ ಪೂರ್ತಿ ಸಿಗುತ್ತದೆ. ಹುಲ್ಲು ಸವೆದ ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ವಿಲಿಯಂ ಫಾರ್ಸ್ಟರ್ ಲಾಯ್ಡ್ 1833ರಲ್ಲಿ ಹೇಳಿದ್ದ ಈ ಮಾತನ್ನು ಗ್ಯಾರೆಟ್ ಹಾರ್ಡಿನ್ 1968ರ ತಮ್ಮ ಪ್ರಬಂಧದಲ್ಲಿ ‘ಸಾಮುದಾಯಿಕ ಸಂಪತ್ತಿನ ದುರಂತ’ ಎಂದು ಹೆಸರಿಸಿದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳ ಅಂತರ್ಜಲಕ್ಕೆ ಈ ಮಾತು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಸೀಮೆ ಇದು. ಇಲ್ಲಿ ನೀರು ವರ್ಷದಿಂದ ವರ್ಷಕ್ಕೆ ಕರಗಿಹೋಗುವುದಕ್ಕಿಂತ, ಪ್ರತಿ ವರ್ಷ ತುಂಬಿ ಪ್ರತಿ ಬೇಸಿಗೆಯಲ್ಲಿ ಬರಿದಾಗುವುದೇ ಹೆಚ್ಚು. ಹಾಗಾಗಿ ಇಲ್ಲಿನ ದುರಂತ ಋತುಮಾನದ ದುರಂತ, ಅದಕ್ಕೆ ಬೇಕಾದ ಕಟ್ಟುಪಾಡೂ ಋತುಮಾನದ್ದೇ ಎಂಬುದು ನನ್ನ ವಾದ.

ನೆಲದೊಳಗಿನ ಕಣಜ

ಗುಡ್ಡದ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಕಗ್ಗಲ್ಲು: ಬಹುತೇಕ ಕಡೆ ನೆಲದ ಪದರಗಳು ಹೀಗಿವೆ. ಮುರಕಲ್ಲು ತೂತುತೂತಾಗಿರುವುದರಿಂದ ಮಳೆನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ತೋಡಿಗೂ ಬಿಟ್ಟುಕೊಡುತ್ತದೆ. ಶೇಡಿಮಣ್ಣು ತಡೆದಷ್ಟು ನೀರು ಮಾತ್ರ ಪಕ್ಕಕ್ಕೆ ಜಿನುಗುತ್ತ ಬೈಲಿನ ಬಾವಿ, ಕೆರೆಗಳಿಗೆ ಬರುತ್ತದೆ. ಕೊಳವೆಬಾವಿ ಈ ಎರಡು ಪದರಗಳನ್ನು ದಾಟಿ ಕಗ್ಗಲ್ಲಿನ ಬಿರುಕುಗಳಿಗೆ ಇಳಿಯುತ್ತದೆ. ಆ ಬಿರುಕುಗಳಿಗೂ ನೀರು ಮೇಲಿನಿಂದಲೇ ಬರಬೇಕು. ಆಳದ ನೀರು ಬೇರೆಯದೇ ನಿಧಿ ಎಂಬ ನಂಬಿಕೆ ಅನೇಕ ಕಡೆ ಸುಳ್ಳಾಗುವುದು ಈ ಕಾರಣಕ್ಕೆ. ಪಕ್ಕದ ತೋಟದ ಪಂಪು ನಡೆಯುವಾಗ ತೆರೆದ ಬಾವಿಯ ನೀರು ಇಳಿದು, ಕರೆಂಟು ಹೋದಾಗ ಮೆಲ್ಲನೆ ಏರಿದರೆ, ಎರಡೂ ಒಂದೇ ಕಣಜದಿಂದ ಎತ್ತುತ್ತಿವೆ ಎಂದು ತಿಳಿಯಬೇಕು.

ಹಳೆಯ ವ್ಯವಸ್ಥೆಯ ಮಿತಿಗಳು

ಹಿಂದಿನ ವ್ಯವಸ್ಥೆಯಲ್ಲಿ ನೀರು ಉಳಿದದ್ದು ಜನ ಹೆಚ್ಚು ಒಳ್ಳೆಯವರಾಗಿದ್ದರು ಎಂದಲ್ಲ. ಎತ್ತುವ ಸಾಧನಕ್ಕೇ ಮಿತಿಯಿತ್ತು. ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಭಾಗದಲ್ಲಿ ಇಂದಿಗೂ ಇರುವ ಸುರಂಗಗಳನ್ನು ನೋಡಬಹುದು. ಆಳು ನಿಂತು ಅಗೆಯುವಷ್ಟೇ ಅಗಲಕ್ಕೆ ಗುಡ್ಡವನ್ನು ಅಡ್ಡಲಾಗಿ ಕೊರೆದು, ಜಿನುಗಿದ ನೀರನ್ನು ಹೊರಗಿನ ಟಾಂಕಿಗೆ ಹರಿಸುತ್ತಾರೆ. ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡುತ್ತ, ಹಲವು ಬಾರಿ ನೀರು ಸಿಗದಿದ್ದರೂ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸುರಂಗ ಗುಡ್ಡ ಕೊಟ್ಟಷ್ಟನ್ನು ಪಡೆಯುತ್ತದೆ, ಹೀರಿ ತೆಗೆಯಲಾರದು.

ತೋಡಿನ ಕಟ್ಟದ್ದು ಇನ್ನೊಂದು ಬಗೆ. ಮಳೆ ನಿಂತು ಹರಿವು ಇಳಿಯತೊಡಗಿದಾಗ ಕಲ್ಲು, ಮಣ್ಣು, ಅಡಿಕೆ ಮರದ ಸಲಿಕೆಗಳಿಂದ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಮುಂದಿನ ಮಳೆಗಾಲದ ಹೊತ್ತಿಗೆ ಅದು ಹೋಗುತ್ತಿತ್ತು. ಮೇಲಿನ ಕಟ್ಟ ತುಂಬಿ ಉಕ್ಕಿದ ನೀರು ಕೆಳಗಿನ ಕಟ್ಟಕ್ಕೆ. ನಿಂತ ನೀರು ಇಂಗಿ ಇಕ್ಕೆಲದ ಬಾವಿಗಳಿಗೆ. ಕಟ್ಟಕ್ಕೆ ಬೇಕಾದ ದುಡಿಮೆ ಕಣ್ಣಿಗೆ ಕಾಣುವಂಥದ್ದು, ಯಾರು ಬರಲಿಲ್ಲ ಎಂಬುದೂ ಎಲ್ಲರಿಗೂ ಗೊತ್ತಾಗುವಂಥದ್ದು. ಮನೆಮನೆಗೂ ಪಂಪು ಬಂದ ಮೇಲೆ ತೋಡಿನ ನೀರಿನ ಹಂಗು ಕಡಿಮೆಯಾಯಿತು, ಕಟ್ಟಕ್ಕೆ ಆಳು ಸೇರುವುದೂ ಕಡಿಮೆಯಾಯಿತು. ಬೈಲಿನ ಗದ್ದೆಗಳು ತೋಟಗಳಾದಾಗ ಗದ್ದೆಯಲ್ಲಿ ನಿಂತು ಇಂಗುತ್ತಿದ್ದ ನೀರೂ ತಪ್ಪಿತು.

ಕಾನೂನು ಮತ್ತು ಕರೆಂಟು

ತನ್ನ ಭೂಮಿಯ ಅಡಿಯಲ್ಲಿ, ನಿಶ್ಚಿತ ಕಾಲುವೆಯಾಗಿ ಹರಿಯದ ನೀರನ್ನೆಲ್ಲ ಎತ್ತಿಕೊಳ್ಳುವ ಹಕ್ಕು ಮಾಲೀಕನದು ಎಂಬ ತತ್ತ್ವ 1882ರ ಈಸ್‌ಮೆಂಟ್ ಕಾಯಿದೆಯ 7ನೇ ಕಲಮಿನಲ್ಲಿದೆ. ನೀರು ಎಲ್ಲರದಾದರೂ ಅದನ್ನು ಎತ್ತುವ ಹಕ್ಕು ಪಟ್ಟೆಯ ಜತೆಗೇ ಬರುತ್ತದೆ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು ರಾಜ್ಯದ 1999ರ ಕಾಯಿದೆ ಹೇಳುತ್ತದೆ. 2011ರ ಅಂತರ್ಜಲ ಕಾಯಿದೆಯ ಅನುಮತಿ ಪದ್ಧತಿ ಅಧಿಸೂಚಿತ ಪ್ರದೇಶಗಳಿಗೆ ಅನ್ವಯಿಸುತ್ತದೆ. ತೋಟಗಳ ನಡುವಿನ ಪೈಪೋಟಿಯನ್ನು ಇವು ಹೆಚ್ಚೇನೂ ಮುಟ್ಟುವುದಿಲ್ಲ. 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾದ ಕಾರಣ, ಇನ್ನೊಂದು ಗಂಟೆ ಪಂಪು ಬಿಟ್ಟರೆ ಕಿಸೆಗೆ ಖರ್ಚೂ ಇಲ್ಲ.

ಒಂದು ಬೈಲಿನ ಲೆಕ್ಕ

ತರ್ಕ ಸ್ಪಷ್ಟವಾಗಲು ಒಂದು ಕಲ್ಪಿತ ಬೈಲನ್ನು ತೆಗೆದುಕೊಳ್ಳೋಣ. ಆರು ಮನೆ, ತಲಾ ಒಂದು ಎಕರೆ, ಎಕರೆಗೆ 550 ಅಡಿಕೆ ಮರ. ಮರಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಕೊಟ್ಟರೆ ಒಂದು ಮನೆಗೆ ದಿನಕ್ಕೆ ಸುಮಾರು 24,000 ಲೀಟರ್ ಬೇಕು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ 11,000 ಲೀಟರ್ ಸಾಕು. ಫೆಬ್ರವರಿ 1ರಂದು ಬೈಲಿನಲ್ಲಿ ಎತ್ತಬಹುದಾದ ನೀರು 1.2 ಕೋಟಿ ಲೀಟರ್ ಇದೆ ಎನ್ನೋಣ.

ಆರೂ ಮನೆಯವರು ಹಳೆಯ ಕ್ರಮದಲ್ಲಿ ನೀರು ಹಾಕಿದರೆ ದಿನಕ್ಕೆ 1.44 ಲಕ್ಷ ಲೀಟರ್ ಖರ್ಚಾಗಿ ಏಪ್ರಿಲ್ 24ರ ಸುಮಾರಿಗೆ ಬೈಲು ಬತ್ತುತ್ತದೆ. ಒಬ್ಬ ಮಾತ್ರ ಹನಿಗೆ ಬದಲಾದರೆ? ನೀರು ಮೇ 2ರವರೆಗೆ ಬರುತ್ತದೆ. ಅವನು ಆ ಬೇಸಿಗೆಯಲ್ಲಿ ಎತ್ತಿದ್ದು 20 ಲಕ್ಷದ ಬದಲು 10 ಲಕ್ಷ ಲೀಟರ್. ಉಳಿದ ಐವರು ತಲಾ 20 ಲಕ್ಷದ ಬದಲು 22 ಲಕ್ಷ. ಅವನು ಬಿಟ್ಟ ನೀರು ಪೂರ್ತಿ ನೆರೆಕರೆಗೆ ಹೋಯಿತು, ಅವನ ತೋಟವೂ ಉಳಿದವರ ತೋಟದ ಜತೆ ಅದೇ ದಿನ ಒಣಗಿತು. ಆರೂ ಮನೆ ಒಟ್ಟಿಗೆ ಬದಲಾದರೆ ಮೇ ಕೊನೆಗೆ ಬೇಕಾಗುವುದು 79 ಲಕ್ಷ ಲೀಟರ್ ಮಾತ್ರ. ಮಳೆ ಬರುವವರೆಗೂ ನೀರಿರುತ್ತದೆ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಧಾರಾಳವಾಗಿ ಹಾಕಿದ ನೀರಿನಲ್ಲಿ ಒಂದು ಪಾಲು ಮತ್ತೆ ಮೇಲ್ಪದರಕ್ಕೆ ಇಂಗುವುದರಿಂದ, ಹನಿಯಿಂದ ಆಗುವ ನಿಜವಾದ ಉಳಿತಾಯ ಇಷ್ಟಿರದು. ಆದರೂ ಒಬ್ಬನೇ ಉಳಿಸಿದರೆ ಅವನಿಗೆ ಹೆಚ್ಚೇನೂ ದಕ್ಕುವುದಿಲ್ಲ ಎಂಬ ತೀರ್ಮಾನ ಬದಲಾಗುವುದಿಲ್ಲ.

ಹಾರ್ಡಿನ್‌ನಿಂದ ಆಸ್ಟ್ರಮ್‌ಗೆ

ಇಂಥ ಸ್ಥಿತಿಗೆ ಹಾರ್ಡಿನ್ ಕಂಡ ದಾರಿಗಳು ಎರಡು: ಖಾಸಗಿ ಒಡೆತನ, ಇಲ್ಲವೇ ಸರಕಾರದ ಹತೋಟಿ. ಇಲ್ಲಿ ಭೂಮಿ ಆಗಲೇ ಖಾಸಗಿ, ನೀರು ಗಡಿಕಲ್ಲು ನೋಡಿ ಹರಿಯದು. ತೋಟ ತೋಟಕ್ಕೂ ಅಧಿಕಾರಿಯನ್ನು ನಿಲ್ಲಿಸುವುದೂ ಆಗದ ಮಾತು. ಎಲಿನಾರ್ ಆಸ್ಟ್ರಮ್ ಬೇರೆ ದಾರಿ ತೋರಿಸಿದರು. ಅವರ ಡಾಕ್ಟರೇಟ್ ಅಧ್ಯಯನದ ವಿಷಯವೇ ಲಾಸ್ ಏಂಜಲಿಸ್ ಬಳಿಯ ಅಂತರ್ಜಲ. ಸಮುದ್ರದ ಉಪ್ಪುನೀರು ಒಳನುಗ್ಗತೊಡಗಿದಾಗ ಅಲ್ಲಿನ ಬಳಕೆದಾರರು ಸಂಘ ಕಟ್ಟಿಕೊಂಡು, ನ್ಯಾಯಾಲಯದ ಮೂಲಕ ತಮ್ಮ ಎತ್ತುವಿಕೆಗೆ ತಾವೇ ಮಿತಿ ಹಾಕಿಕೊಂಡಿದ್ದರು. ಬಳಕೆದಾರರು ಯಾರು, ಎಷ್ಟು ಎತ್ತಬಹುದು, ಅಳೆಯುವವರು ಯಾರು ಎಂಬುದು ತಮ್ಮೊಳಗೇ ತೀರ್ಮಾನವಾದರೆ ಸಾಮುದಾಯಿಕ ಸಂಪತ್ತು ಉಳಿಯಬಲ್ಲದು ಎಂದು ಆಸ್ಟ್ರಮ್ 1990ರ ಗ್ರಂಥದಲ್ಲಿ ವಾದಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ನಮ್ಮ ಬೈಲುಗಳಿಗೆ ಅನ್ವಯಿಸಿದರೆ ಕಟ್ಟುಪಾಡು ಸರಳವಾಗಿಯೇ ಇರಬಹುದು. ಜನವರಿ ಕೊನೆಯಲ್ಲಿ ಎರಡು ಮೂರು ತೆರೆದ ಬಾವಿಗಳಲ್ಲಿ, ಬೆಳಿಗ್ಗೆ ಪಂಪು ಶುರುವಾಗುವ ಮೊದಲು, ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯುವುದು. ಅದನ್ನು ಹಿಂದಿನ ವರ್ಷಗಳ ಮಟ್ಟದ ಜತೆ ಹೋಲಿಸಿ ಆ ಬೇಸಿಗೆಯ ಪಂಪಿನ ಗಂಟೆಗಳನ್ನು ಗೊತ್ತುಮಾಡುವುದು. ನೀರನ್ನು ಅಳೆಯುವುದು ಕಷ್ಟ, ಪಂಪಿನ ಗಂಟೆ ನೆರೆಯವರ ಕಿವಿಗೇ ಗೊತ್ತು.

ಇದರ ಮಿತಿಯನ್ನೂ ಹೇಳಬೇಕು. ಕಟ್ಟದ ಫಲಾನುಭವಿಗಳು ತೋಡಿನ ಉದ್ದಕ್ಕೂ ಇದ್ದರು, ಎಣಿಸಬಹುದಿತ್ತು. ಕಗ್ಗಲ್ಲಿನ ಬಿರುಕು ಬೈಲಿನ ಗಡಿ ದಾಟಿ ಹೋಗಿದ್ದರೆ, ಆರು ಮನೆ ಒಪ್ಪಿದರೂ ಗುಡ್ಡದಾಚೆಯ ಏಳನೆಯ ಕೊಳವೆಬಾವಿ ಒಪ್ಪಂದವನ್ನು ಮುರಿಯುತ್ತದೆ. ಆದುದರಿಂದ ಮೇಲ್ಪದರದ ನೀರಿಗೆ ಬೈಲಿನ ಕಟ್ಟುಪಾಡು ಸಾಕು. ಆಳದ ಕೊಳವೆಬಾವಿಗೆ ಗ್ರಾಮ ಪಂಚಾಯತ್‌ಗೂ ಮೀರಿದ, ಜಲಾನಯನದ ಮಟ್ಟದ ನಿಯಮ ಬೇಕು. ಈ ಎರಡನ್ನು ಒಂದೇ ಕಾನೂನಿನಿಂದ ಆಳಲು ಹೊರಟರೆ ಎರಡೂ ಕೈತಪ್ಪುತ್ತವೆ.