ವಿದೇಶದ ಸಂಬಳ: ಎಷ್ಟು ಬರುತ್ತದೆ, ಎಷ್ಟು ಉಳಿಯುತ್ತದೆ, ಮನೆಗೆ ಎಷ್ಟು ಮುಟ್ಟುತ್ತದೆ

ಮಹಾರಾಷ್ಟ್ರ ಸರ್ಕಾರವು ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ನುರಿತ ಕೆಲಸಗಾರರನ್ನು ಕಳಿಸುವ ಒಪ್ಪಂದವನ್ನು 2024ರಲ್ಲಿ ಮಾಡಿಕೊಂಡಿತು. ಅಂದಿನಿಂದ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನರ್ಸಿಂಗ್, ಐಟಿಐ ಓದಿದ ಮಕ್ಕಳ ಮನೆಗಳಲ್ಲಿ ಯೂರೊ ಲೆಕ್ಕದ ಮಾತು ಹೆಚ್ಚಾಗಿದೆ. ಮೊದಲು ದುಬೈ, ಮಸ್ಕತ್ ಎನ್ನುತ್ತಿದ್ದವರು ಈಗ ಸ್ಟುಟ್‌ಗಾರ್ಟ್ ಎನ್ನುತ್ತಾರೆ. ಆಫರ್ ಪತ್ರ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಲೆಕ್ಕ ಒಂದೇ: ಸಂಬಳವನ್ನು ಅಂದಿನ ವಿನಿಮಯ ದರದಿಂದ ಗುಣಿಸುವುದು. ತಿಂಗಳಿಗೆ 3,200 ಯೂರೊ, ಯೂರೊಗೆ 100 ರೂಪಾಯಿ, ಅಂದರೆ ಮೂರು ಲಕ್ಷ ಇಪ್ಪತ್ತು ಸಾವಿರ! ಊರಿಗೆಲ್ಲ ಹಬ್ಬುವುದು ಈ ಅಂಕಿಯೇ.

ಈ ಅಂಕಿಯನ್ನು ಅಲ್ಲಗಳೆಯುವವರೂ ಇದ್ದಾರೆ. ಅವರು ‘ಕೊಳ್ಳುವ ಶಕ್ತಿ’ಯ ಲೆಕ್ಕ ತೆಗೆಯುತ್ತಾರೆ. ವಿಶ್ವಬ್ಯಾಂಕ್ ನಡೆಸುವ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯಲ್ಲಿ 2017ಕ್ಕೆ ಬಂದ ಉತ್ತರ ಹೀಗಿತ್ತು: ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಮತ್ತು ಸೇವೆ ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತದೆ. ಆಗ ಮಾರುಕಟ್ಟೆಯಲ್ಲಿ ಡಾಲರಿನ ದರ ಸುಮಾರು 65 ರೂಪಾಯಿ. ಜರ್ಮನಿಯಲ್ಲಿ ಅಷ್ಟನ್ನೇ ಕೊಳ್ಳಲು ಸುಮಾರು 74 ಸೆಂಟ್ ಬೇಕಿತ್ತು. ಎರಡನ್ನೂ ಸೇರಿಸಿ ನೋಡಿದರೆ ಅಲ್ಲಿನ ಒಂದು ಯೂರೊ ಇಲ್ಲಿನ ಸುಮಾರು 28 ರೂಪಾಯಿಗೆ ಸಮ. ಒರಟು ಅಂದಾಜಿಗೆ ಇದು ಇಂದೂ ಸಾಕು. ಹಾಗಾದರೆ 3,200 ಯೂರೊ ಎಂದರೆ ತೊಂಬತ್ತು ಸಾವಿರವೂ ಆಗುವುದಿಲ್ಲ.

ಮೂರು ಲಕ್ಷ ಇಪ್ಪತ್ತು ಸಾವಿರವೂ ತಪ್ಪು, ತೊಂಬತ್ತು ಸಾವಿರವೂ ತಪ್ಪು. ಸಂಬಳದ ಎಲ್ಲ ಹಣವೂ ಒಂದೇ ಕಡೆ ಖರ್ಚಾಗುವುದಿಲ್ಲ ಎಂಬುದನ್ನು ಎರಡೂ ಲೆಕ್ಕಗಳು ಮರೆತಿವೆ. ಅಲ್ಲೇ ಖರ್ಚಾಗುವ ಹಣಕ್ಕೆ ಅಲ್ಲಿನ ಬೆಲೆಯ ಲೆಕ್ಕ. ಊರಿಗೆ ಬರುವ ಹಣ ಇಲ್ಲಿನ ಬೆಲೆಯಲ್ಲಿ ಖರ್ಚಾಗುತ್ತದೆ, ಆದ್ದರಿಂದ ಅದಕ್ಕೆ ವಿನಿಮಯ ದರದ ಲೆಕ್ಕ. ಮೊದಲು ಸಂಬಳವನ್ನು ಒಡೆಯಬೇಕು, ಆಮೇಲೆ ಗುಣಿಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಕ್ಕಲಕೋಟೆ ಕಡೆಯ ಹುಡುಗಿಯೊಬ್ಬಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ ಎನ್ನೋಣ. ಕೈಗೆ 32,000 ಬರುತ್ತದೆ, ಹಾಸ್ಟೆಲ್, ಊಟ, ಓಡಾಟಕ್ಕೆ 16,000 ಹೋಗುತ್ತದೆ, ಉಳಿದ 16,000 ಅಪ್ಪನ ಖಾತೆಗೆ. ಅವಳಿಗೆ ಜರ್ಮನಿಯ ಆಸ್ಪತ್ರೆಯಿಂದ ತಿಂಗಳಿಗೆ 3,200 ಯೂರೊ ಆಫರ್ ಬಂದಿದೆ.

ಪತ್ರದಲ್ಲಿರುವುದು ‘ಬ್ರುಟ್ಟೊ’, ಅಂದರೆ ಕಡಿತಕ್ಕೆ ಮುಂಚಿನ ಮೊತ್ತ. ಕೈಗೆ ಬರುವುದು ‘ನೆಟ್ಟೊ’. 2025ರ ನಿಯಮದಂತೆ ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ ಸುಮಾರು 8.55%, ಮುಪ್ಪಿನ ಆರೈಕೆ ವಿಮೆಗೆ ಮಕ್ಕಳಿಲ್ಲದವರಿಂದ 2.4%. ಇಷ್ಟಕ್ಕೇ 690 ಯೂರೊ ಹೋಯಿತು. ಒಂಟಿ ವ್ಯಕ್ತಿಯನ್ನು ತೆರಿಗೆಯ ಒಂದನೇ ವರ್ಗಕ್ಕೆ ಸೇರಿಸುತ್ತಾರೆ. ಆದಾಯ ತೆರಿಗೆ ಸುಮಾರು 350. ಕೈಗೆ ಉಳಿಯುವುದು 2,160ರ ಆಸುಪಾಸು. ನಮ್ಮಲ್ಲಿ ಸಂಬಳದ ಮೇಲೆ ಇಷ್ಟು ಕಡಿತ ಕಂಡವರು ಕಡಿಮೆ, ಹಾಗಾಗಿ ಮೊದಲ ಪೇ ಸ್ಲಿಪ್ ನೋಡಿ ಮಕ್ಕಳು ಗಾಬರಿಯಾಗಿ ಮನೆಗೆ ಫೋನ್ ಮಾಡುವುದುಂಟು. ಆದರೆ ಹೋದದ್ದೆಲ್ಲ ನಷ್ಟವಲ್ಲ. ಆರೋಗ್ಯ ವಿಮೆ ನಿಜವಾಗಿಯೂ ಬಳಕೆಗೆ ಬರುತ್ತದೆ. ಐದು ವರ್ಷ ಕಂತು ಕಟ್ಟಿದವರಿಗೆ ಪಿಂಚಣಿಯ ಹಕ್ಕು ಹುಟ್ಟುತ್ತದೆ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇನಿಂದ ಜಾರಿಯಲ್ಲಿರುವುದರಿಂದ ಊರಿಗೆ ಮರಳಿದ ಮೇಲೂ ಆ ಪಿಂಚಣಿ ಸಿಗುತ್ತದೆ.

ಇನ್ನೊಂದು ಮಾತು, ನರ್ಸ್‌ಗಳಿಗೆ ಇದೇ ಮುಖ್ಯ. ನಮ್ಮ ಪದವಿಗೆ ಜರ್ಮನಿಯಲ್ಲಿ ಮಾನ್ಯತೆ ಸಿಗುವ ತನಕ ಸಹಾಯಕಿಯ ಸಂಬಳವನ್ನಷ್ಟೇ ಕೊಡುವುದು ರೂಢಿ. ಅದು 2,700 ಎಂದುಕೊಂಡರೆ ಕೈಗೆ ಬರುವುದು 1,880. ಏಜೆಂಟರು ತೋರಿಸುವುದು ಮಾನ್ಯತೆಯ ನಂತರದ ಅಂಕಿಯನ್ನು. ‘ಮೊದಲ ದಿನದಿಂದ ಎಷ್ಟು? ಎಷ್ಟು ತಿಂಗಳ ತನಕ?’ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಬೇಕು.

ಇನ್ನು ಬಾಡಿಗೆ. ಜಾಹೀರಾತಿನಲ್ಲಿ ಎರಡು ಮೊತ್ತಗಳಿರುತ್ತವೆ. ‘ಕಾಲ್ಟ್’ ಬಾಡಿಗೆ ಎಂದರೆ ಬರೀ ಗೋಡೆ ಸೂರಿನ ಬಾಡಿಗೆ. ‘ವಾರ್ಮ್’ ಎಂದರೆ ಹೀಟಿಂಗ್, ನೀರು, ಕಸದ ಶುಲ್ಕ ಇತ್ಯಾದಿ ಸೇರಿದ್ದು. ಅದರಲ್ಲೂ ವಿದ್ಯುತ್ ಬಿಲ್ ಸಾಮಾನ್ಯವಾಗಿ ಬೇರೆಯೇ. ಕಾಲ್ಟ್ 600 ಇರುವ ಚಿಕ್ಕ ಮನೆ ಕೊನೆಗೆ 750 ಆಗುತ್ತದೆ. ಮುಂಗಡ ಠೇವಣಿಯನ್ನು ಮೂರು ತಿಂಗಳ ಕಾಲ್ಟ್ ಬಾಡಿಗೆಯವರೆಗೆ ಕೇಳಲು ಕಾನೂನು ಅನುಮತಿಸುತ್ತದೆ. ಅಂದರೆ ಠೇವಣಿಗೇ 1,800 ಯೂರೊವರೆಗೆ ಬೇಕಾಗಬಹುದು. ಆಸ್ಪತ್ರೆಯ ವಸತಿ ಗೃಹದಲ್ಲಿ ಕೊಠಡಿ ಕೊಡುತ್ತಾರೆಯೇ ಎಂದು ಕೇಳುವುದು ಸಂಬಳ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಲಾಭ. ಬಾಡಿಗೆಯಲ್ಲಿ 250 ಉಳಿದರೆ ಅದರ ಮೇಲೆ ತೆರಿಗೆಯೂ ಇಲ್ಲ, ವಿಮೆಯೂ ಇಲ್ಲ.

ಬಾಡಿಗೆ 750, ಮನೆಗೊಂದರಂತೆ ಎಲ್ಲರೂ ಕಟ್ಟಲೇಬೇಕಾದ ರೇಡಿಯೊ-ಟಿವಿ ಶುಲ್ಕ 18, 2025ರ ದರದಂತೆ ತಿಂಗಳ ಪ್ರಯಾಣದ ಚೀಟಿ 58, ಮನೆಯಲ್ಲೇ ಅಡುಗೆ ಮಾಡಿದರೆ ಊಟಕ್ಕೆ 300, ಕರೆಂಟು, ಫೋನು, ಬಟ್ಟೆಬರೆ ಮುಂತಾದ್ದಕ್ಕೆ 180, ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನಕ್ಕೆ ತಿಂಗಳಿಗೆ 75 ಎತ್ತಿಡಬೇಕು. ಒಟ್ಟು ಸುಮಾರು 1,380. ಉಳಿಯುವುದು 780. ಸಹಾಯಕಿಯ ಸಂಬಳದ ಅವಧಿಯಲ್ಲಾದರೆ 500 ಮಾತ್ರ.

ಈ 780 ಯೂರೊ ಪೂರ್ತಿ 78,000 ರೂಪಾಯಿಯಾಗಿ ಅಕ್ಕಲಕೋಟೆಗೆ ಬರುವುದಿಲ್ಲ. ಕಳಿಸುವ ಸಂಸ್ಥೆಗೆ ಎರಡು ಬಗೆಯ ಗಳಿಕೆ ಇದೆ. ಒಂದು, ಕಣ್ಣಿಗೆ ಕಾಣುವ ಶುಲ್ಕ. ಇನ್ನೊಂದು, ದರದಲ್ಲಿ ಅಡಗಿಸಿದ ಕಡಿತ. ‘ಶುಲ್ಕ ಇಲ್ಲ’ ಎಂದು ದೊಡ್ಡದಾಗಿ ಬರೆದಿದ್ದರೆ ದರವನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಮಾರುಕಟ್ಟೆ ದರ 100 ಇರುವ ದಿನ ಒಬ್ಬರು 3 ಯೂರೊ ಶುಲ್ಕ ಹಿಡಿದು 98ರ ದರ ಕೊಡುತ್ತಾರೆ ಎನ್ನಿ: ಮನೆಗೆ 76,146. ಇನ್ನೊಬ್ಬರು 20 ಯೂರೊ ಹಿಡಿದು 97ರ ದರ ಕೊಡುತ್ತಾರೆ: ಮನೆಗೆ 73,720. ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರದ ವ್ಯತ್ಯಾಸ. ಹೋಲಿಸಲು ಒಂದೇ ಭಾಗಾಕಾರ ಸಾಕು: ಅಪ್ಪನ ಖಾತೆಗೆ ಬಿದ್ದ ರೂಪಾಯಿಯನ್ನು ಮಗಳ ಖಾತೆಯಿಂದ ಹೋದ ಒಟ್ಟು ಯೂರೊದಿಂದ ಭಾಗಿಸಿ. ಮೊದಲನೆಯದು 97.6, ಎರಡನೆಯದು 94.5. ಇದೇ ನಿಜವಾದ ದರ. ಶುಲ್ಕ ನಿಗದಿ ಮೊತ್ತವಾಗಿದ್ದರೆ ವಾರವಾರ ಚೂರುಚೂರು ಕಳಿಸುವ ಬದಲು ತಿಂಗಳಿಗೊಮ್ಮೆ ಕಳಿಸುವುದು ಒಳ್ಳೆಯದು. ಅಂದಹಾಗೆ, ಮಗಳು ತಂದೆತಾಯಿಗೆ ಕಳಿಸಿದ ಹಣಕ್ಕೆ ಅವರು ಇಲ್ಲಿ ಆದಾಯ ತೆರಿಗೆ ಕಟ್ಟಬೇಕಿಲ್ಲ.

ಈಗ ಎರಡನ್ನೂ ಕೂಡಿಸಬಹುದು. ಅಲ್ಲಿ ಖರ್ಚಾದ 1,380 ಯೂರೊಗೆ 28ರ ಲೆಕ್ಕದಲ್ಲಿ ಸುಮಾರು 38,600 ರೂಪಾಯಿಯ ಬದುಕು. ಮನೆಗೆ ಬಂದದ್ದು 76,100. ಒಟ್ಟು ಸುಮಾರು 1,15,000. ಅಂದರೆ ಈ ಆಫರ್ ಊರಲ್ಲಿ ಕೈಗೆ 1,15,000 ಕೊಡುವ ಕೆಲಸಕ್ಕೆ ಸಮ. ಮೂರು ಲಕ್ಷದ ಮಾತು ಎಲ್ಲಿ, ಇದೆಲ್ಲಿ?

ಆದರೆ 28 ಎಂಬ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ಇಡೀ ದೇಶದ ಸರಾಸರಿ. ಮುಂಬೈ ಬಾಡಿಗೆಯೂ ಅದರೊಳಗಿದೆ, ಅಕ್ಕಲಕೋಟೆಯ ಸ್ವಂತ ಮನೆಯೂ ಅದರೊಳಗಿದೆ. ಫೋನ್, ಲ್ಯಾಪ್‌ಟಾಪ್ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಗ್ಗವಿರುವುದು ಇಲ್ಲಿನ ಕೈಕೆಲಸ: ಕ್ಷೌರ, ಹೊಲಿಗೆ, ಆಟೊ, ಮನೆಗೆಲಸ. ಇನ್ನು ಜೋಳದ ಹಿಟ್ಟು, ಶೇಂಗಾ ಚಟ್ನಿಯನ್ನು ಜರ್ಮನಿಯ ಇಂಡಿಯನ್ ಅಂಗಡಿಯಲ್ಲಿ ಕೊಳ್ಳುವ ಸಂಕಟ ಯಾವ ವಿಶ್ವಬ್ಯಾಂಕಿನ ಬುಟ್ಟಿಯಲ್ಲೂ ಇಲ್ಲ. ಹಾಗಾಗಿ ಇನ್ನೊಂದು ದಾರಿ ಹಿಡಿಯಿರಿ: ಅಲ್ಲಿ ಬದುಕುವ ರೀತಿಯಲ್ಲೇ, ಒಂದು ಕೋಣೆ, ಸ್ವಂತ ಅಡುಗೆ, ಬಸ್ಸಿನ ಓಡಾಟ ಎಂದು, ಇಲ್ಲಿ ಬದುಕಿದರೆ ಎಷ್ಟಾದೀತು? ನಮ್ಮ ಹುಡುಗಿಗೆ ಪುಣೆಯಲ್ಲಿ ಅದು 16,000. ಆ ಲೆಕ್ಕದಲ್ಲಿ ಆಫರ್ 92,000ಕ್ಕೆ ಸಮ. ನಿಜ ಈ ಎರಡರ ನಡುವೆ ಎಲ್ಲೋ ಇದೆ, ನಾನಾದರೆ ಕೆಳಗಿನದನ್ನೇ ಹಿಡಿಯುತ್ತೇನೆ.

ಮನೆಯವರಿಗೆ ಬೇಕಾದ ಉತ್ತರ ಇನ್ನೂ ಸರಳ. ಪುಣೆಯಿಂದ ತಿಂಗಳಿಗೆ 16,000 ಬರುತ್ತಿತ್ತು, ಜರ್ಮನಿಯಿಂದ 76,000 ಬರುತ್ತದೆ. ಹೆಚ್ಚಿದ್ದು 60,000. ಭಾಷಾ ತರಗತಿ, ದಾಖಲೆಗಳ ಅನುವಾದ, ವೀಸಾ, ವಿಮಾನ, ಬಾಡಿಗೆ ಠೇವಣಿ ಎಲ್ಲ ಸೇರಿ ಐದು ಲಕ್ಷ ಸಾಲವಾಗಿದ್ದರೆ ಅದು ತೀರಲು ಒಂಬತ್ತು ತಿಂಗಳು, ಬಡ್ಡಿ ಬೇರೆ. ಸಹಾಯಕಿಯ ಸಂಬಳದ ತಿಂಗಳುಗಳಲ್ಲಿ ಮನೆಗೆ ಬರುವುದೇ 48,000ದಷ್ಟು, ಹೆಚ್ಚಿದ್ದು 32,000. ಆಗ ಅದೇ ಸಾಲಕ್ಕೆ ಹದಿನಾರು ತಿಂಗಳು ಹಿಡಿಯುತ್ತದೆ. ಒಳ್ಳೆಯ ಆಫರೇ, ಆದರೆ ಮೊದಲ ವರ್ಷ ಮನೆ ಕಟ್ಟಿಸುವ ಮಾತು ಬೇಡ. ಮದುವೆಯಾಗಿ ಗಂಡನನ್ನು ಕರೆಸಿಕೊಂಡರೆ, ಅವನಿಗೆ ಸಂಬಳವಿಲ್ಲದಿದ್ದಾಗ, ತೆರಿಗೆ ಸಾಕಷ್ಟು ಇಳಿಯುತ್ತದೆ. ಆದರೆ ಬಾಡಿಗೆ ಮತ್ತು ಊಟದ ಖರ್ಚು ಅದನ್ನು ಮೀರಿ ಏರಬಹುದು. ಆ ಹೊತ್ತಿಗೆ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.

ಕೊಲ್ಲಿ ದೇಶದ ಆಫರ್‌ಗೂ ಇದೇ ಕ್ರಮ, ತೂಕ ಮಾತ್ರ ಬೇರೆ ಕಡೆ ಬೀಳುತ್ತದೆ. ಯುಎಇಯಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ನಮ್ಮವರಿಗೆ ಪಿಂಚಣಿಯೂ ಇಲ್ಲ. ಅದರ ಬದಲು ಕೆಲಸ ಬಿಡುವಾಗ ಗ್ರಾಚ್ಯುಟಿ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲವೇತನ. ಗಮನಿಸಬೇಕಾದದ್ದು ‘ಮೂಲವೇತನ’ ಎಂಬ ಪದ. ಒಟ್ಟು 6,000 ದಿರ್ಹಮ್ ಎಂದು ಬರೆದು ಮೂಲವೇತನ 2,000 ಇಟ್ಟು ಉಳಿದದ್ದನ್ನು ಭತ್ಯೆ ಎಂದು ತೋರಿಸಿದರೆ ವರ್ಷದ ಗ್ರಾಚ್ಯುಟಿ 1,400. ಮೂಲವೇತನ 4,000 ಇದ್ದರೆ 2,800. ದುಬೈಯಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಕೆಲವೇ ಚೆಕ್‌ಗಳಲ್ಲಿ ಕೊಡುವುದು ವಾಡಿಕೆಯಾದ್ದರಿಂದ ವಸತಿ ಕಂಪನಿಯದೋ ನಿಮ್ಮದೋ ಎಂಬುದು ಸಂಬಳದಷ್ಟೇ ದೊಡ್ಡ ಪ್ರಶ್ನೆ.

ಹೊರಡುವ ದಿನಾಂಕಕ್ಕೂ ಬೆಲೆ ಇದೆ. ಉದ್ಯೋಗಕ್ಕಾಗಿ ದೇಶ ಬಿಡುವವರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಎನಿಸುತ್ತಾರೆ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ. ವರ್ಷವಿಡೀ ಇಲ್ಲೇ ಇದ್ದವರು ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದರೆ ಇದಕ್ಕೆ ಒಳಪಡುತ್ತಾರೆ. ಅಕ್ಟೋಬರ್‌ನಲ್ಲಿ ಹೋದವರು ಆ ವರ್ಷದ ವಿದೇಶಿ ಸಂಬಳವನ್ನು ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಬೇಕು. ಜರ್ಮನಿಯಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಜಾ ಸಿಗುತ್ತದೆ. ಯುಎಇಯಲ್ಲಿ ಕಟ್ಟಿದ್ದೇ ಇಲ್ಲವಾದ್ದರಿಂದ ವಜಾಕ್ಕೆ ಏನೂ ಇರುವುದಿಲ್ಲ.