ಓರೆ ಫೋಟೋದಲ್ಲಿ ಸರಿಯಾದ ದೂರ: ವೇಗ–ಕಾಲ ನಕ್ಷೆಯ ವಿಸ್ತೀರ್ಣ ನಡೆದು ಬಂದ ದಾರಿ

ವೇಗ–ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವೇ ಚಲಿಸಿದ ದೂರ. ಒಂಬತ್ತನೇ ತರಗತಿಯ ‘ಚಲನೆ’ ಪಾಠ ಓದಿದ ಮಕ್ಕಳೆಲ್ಲ ಈ ಮಾತನ್ನು ಒಪ್ಪಿಸುತ್ತಾರೆ. ಈಚೆಗೆ ಇದಕ್ಕೆ ಇನ್ನೊಂದು ಮಾತು ಅಂಟಿಕೊಂಡಿದೆ: ನಕ್ಷೆಯ ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಸಾಕು, ಗೆರೆಯ ಕೆಳಗಿನ ಚುಕ್ಕಿಗಳನ್ನು ಅದೇ ಎಣಿಸುತ್ತದೆ, ಚೌಕ ಎಣಿಸುವುದು ಹಳೆಯ ಕಾಲದ ಕಸರತ್ತು ಎನ್ನುವುದು. ಬಂಗಾರಪೇಟೆ ಮತ್ತು ಕೆಜಿಎಫ್‌ನ ಶಾಲೆಗಳಲ್ಲಿ ಬಹುಕಾಲ ಭೌತಶಾಸ್ತ್ರ ಪಾಠ ಮಾಡಿದವನಾಗಿ ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ಫೋಟೋದಲ್ಲಿ ಕಾಣುವ ವಿಸ್ತೀರ್ಣ ಬೇರೆ, ನಕ್ಷೆಯ ವಿಸ್ತೀರ್ಣ ಬೇರೆ. ಇವೆರಡರ ನಡುವಿನ ಅಂತರ ಹೇಗೆ ಹುಟ್ಟಿತು, ಅದನ್ನು ದಾಟಲು ಯಾವ ಯಾವ ದಾರಿ ಹಿಡಿದರು ಎಂದು ನೋಡುವುದು ಈ ಲೇಖನದ ಕೆಲಸ.

ಹಳೆಯ ಘಟ್ಟಗಳನ್ನು ಬೇಗನೆ ಹೇಳಿ ಮುಗಿಸಬಹುದು. ಸಮಾಂತರ ಬಾಹುಗಳ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸಿ ತ್ರಾಪಿಜ್ಯದ ವಿಸ್ತೀರ್ಣ ಪಡೆಯುವುದು ನಮ್ಮಲ್ಲಿ ಆರ್ಯಭಟನ ಕಾಲಕ್ಕೇ ಗೊತ್ತಿತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಕ್ಷೇತ್ರಗಳ ಅಳತೆಯಲ್ಲಿ ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂದು ಎರಡು ಬಗೆ ಮಾಡಿದ. ಅಂದಾಜು ಎಲ್ಲಿ ಸಾಕು, ಖಚಿತ ಲೆಕ್ಕ ಎಲ್ಲಿ ಬೇಕು ಎಂಬ ವಿವೇಕ ಅದರಲ್ಲಿದೆ. ನಕ್ಷೆ ಅಳೆಯುವವರಿಗೆ ಇಂದಿಗೂ ಅದು ಬೇಕು. ಕಾಲವನ್ನು ಅಡ್ಡಕ್ಕೂ ವೇಗವನ್ನು ಎತ್ತರಕ್ಕೂ ಇಟ್ಟು, ಆ ಆಕೃತಿಯ ವಿಸ್ತೀರ್ಣವೇ ದೂರ ಎಂದು ಕಂಡವನು ಹದಿನಾಲ್ಕನೆಯ ಶತಮಾನದ ಫ್ರಾನ್ಸಿನ ನಿಕೋಲ್ ಒರೆಸ್ಮ್. ಬೀಳುವ ವಸ್ತುವಿನ ಲೆಕ್ಕಕ್ಕೆ ಗೆಲಿಲಿಯೊ ಅದೇ ತ್ರಿಕೋನವನ್ನು 1638ರ ತನ್ನ ಪುಸ್ತಕದಲ್ಲಿ ಬಳಸಿದ. 1854ರಲ್ಲಿ ಯಾಕೋಬ್ ಆಮ್ಸ್ಲರ್ ಪ್ಲಾನಿಮೀಟರ್ ಮಾಡಿದ ಮೇಲೆ, ವಕ್ರರೇಖೆಯ ಮೇಲೆ ಒಂದು ಮೊನೆಯನ್ನು ಸುತ್ತಿಸಿದರೆ ವಿಸ್ತೀರ್ಣ ಸುಲಭವಾಗಿ ಸಿಗುವಂತಾಯಿತು.

ನಮ್ಮ ಕಡೆ ಈ ವಿದ್ಯೆಗೆ ನಿಜವಾದ ಕೆಲಸವಿದ್ದದ್ದು ಚಿನ್ನದ ಗಣಿಯಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಆಳಕ್ಕೆ ಒಂದೇ ಹಗ್ಗ ಬಿಟ್ಟರೆ ಹಗ್ಗದ ಸ್ವಂತ ತೂಕವೇ ಅದಕ್ಕೆ ಭಾರ. ಆದ್ದರಿಂದ ಇಳಿಯುವುದೂ ಏರುವುದೂ ಹಂತ ಹಂತವಾಗಿ, ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ನಡೆಯುತ್ತಿತ್ತು. ಪ್ರತಿ ಹಂತದಲ್ಲೂ ವೈಂಡಿಂಗ್ ಇಂಜಿನ್ ಕೇಜನ್ನು ನಿಲುಗಡೆಯಿಂದ ಎತ್ತಿ, ಸಮವೇಗಕ್ಕೆ ತಂದು, ಮತ್ತೆ ನಿಲ್ಲಿಸಬೇಕು. ಈ ಮೂರು ಭಾಗಗಳ ವೇಗ–ಕಾಲ ನಕ್ಷೆ ಹಾಕದೆ ವೈಂಡರಿನ ಸಾಮರ್ಥ್ಯ ಎಷ್ಟಿರಬೇಕೆಂದು ಲೆಕ್ಕ ಹಾಕಲಾಗದು.

ತರಗತಿಗಾಗಿ ಕಟ್ಟಿಕೊಂಡ ಒಂದು ಪ್ರಯಾಣವನ್ನು ನೋಡೋಣ. ಕೇಜ್ 20 ಸೆಕೆಂಡಿನಲ್ಲಿ ಸೊನ್ನೆಯಿಂದ ಸೆಕೆಂಡಿಗೆ 12 ಮೀಟರ್ ವೇಗಕ್ಕೆ ಬರುತ್ತದೆ, 60 ಸೆಕೆಂಡು ಅದೇ ವೇಗದಲ್ಲಿ ಇಳಿಯುತ್ತದೆ, ಕೊನೆಯ 20 ಸೆಕೆಂಡಿನಲ್ಲಿ ನಿಲ್ಲುತ್ತದೆ. ನಕ್ಷೆ ಒಂದು ತ್ರಾಪಿಜ್ಯ: ತಳ 100, ಮೇಲಿನ ಬಾಹು 60, ಎತ್ತರ 12. ವಿಸ್ತೀರ್ಣ 960, ಅಂದರೆ ಇಳಿದ ದೂರ 960 ಮೀಟರ್. ಈ ಲೆಕ್ಕದ ಸೊಗಸೆಂದರೆ ಉತ್ತರವನ್ನು ಬೇರೆ ಕಡೆಯಿಂದಲೂ ಪರೀಕ್ಷಿಸಬಹುದು. ವೈಂಡರ್ ನಡೆಸುವವನ ಎದುರಿಗೆ ಕೇಜ್ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಸೂಚಕ ಇರುತ್ತದೆ. ನಕ್ಷೆಯ ವಿಸ್ತೀರ್ಣ ಅದಕ್ಕೆ ಹೊಂದಲೇಬೇಕು. ಅದೇ ಕೇಜ್ ಮೇಲೆ ಬಂದಾಗ ಇಳಿಯುವ ದಿಕ್ಕನ್ನು ಧನ ಎಂದಿಟ್ಟುಕೊಂಡರೆ ಗೆರೆ ಕಾಲದ ಅಕ್ಷದ ಕೆಳಗೆ ಹೋಗುತ್ತದೆ. ಚಿಹ್ನೆಯೊಡನೆ ಕೂಡಿಸಿದರೆ ಸ್ಥಾನಪಲ್ಲಟ ಸೊನ್ನೆ, ಚಿಹ್ನೆ ಬಿಟ್ಟು ಕೂಡಿಸಿದರೆ ಚಲಿಸಿದ ದೂರ 1920 ಮೀಟರ್. ಗಣಿಗೆ ಇಳಿದು ಬಂದವರ ಮನೆಯ ಮಕ್ಕಳಿಗೆ ಈ ವ್ಯತ್ಯಾಸವನ್ನು ಎರಡನೇ ಸಲ ಹೇಳಬೇಕಾಗುತ್ತಿರಲಿಲ್ಲ.

ಯಂತ್ರಗಳು ತಾವೇ ವೇಗ ದಾಖಲಿಸತೊಡಗಿದಾಗ ಒಂದು ಹೊಸ ಬಲೆ ಬಂತು. ಕೆಲವು ದಾಖಲೆಗಳು ಉದ್ದನೆಯ ಪಟ್ಟಿಯ ಮೇಲೆ, ಕೆಲವು ದುಂಡನೆಯ ಕಾಗದದ ಮೇಲೆ. ದುಂಡು ಕಾಗದದಲ್ಲಿ ಕಾಲ ಸುತ್ತಲೂ ತಿರುಗುತ್ತದೆ, ವೇಗ ಕೇಂದ್ರದಿಂದ ಹೊರಕ್ಕೆ ಬೆಳೆಯುತ್ತದೆ. ಸೊನ್ನೆ ಕೇಂದ್ರದಲ್ಲಿದ್ದರೆ, ವೇಗ ಇಮ್ಮಡಿಯಾದಾಗ ಗೆರೆಯೊಳಗಿನ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ದೂರ ಮಾತ್ರ ಇಮ್ಮಡಿಯೇ. ಅಂಥ ಕಾಗದದ ಮೇಲೆ ಪ್ಲಾನಿಮೀಟರ್ ಆಡಿಸಿದರೆ ಬರುವುದು ದೂರವಲ್ಲ. ಅದನ್ನು ಮೊದಲು ಚೌಕದ ಹಾಳೆಗೆ ಇಳಿಸಿಕೊಳ್ಳಬೇಕು. ವಿಸ್ತೀರ್ಣ ದೂರವಾಗುವುದು ಎರಡೂ ಅಕ್ಷಗಳು ನೇರವಾಗಿ, ಸಮ ಅಳತೆಯಲ್ಲಿ ಇದ್ದಾಗ ಮಾತ್ರ ಎಂಬ ಷರತ್ತನ್ನು ನಾನು ನೋಡಿದ ಯಾವ ಶಾಲಾಪುಸ್ತಕವೂ ಹೇಳಿಲ್ಲ.

ನಮ್ಮ ತಲೆಮಾರು ಕಲಿತದ್ದೂ ಕಲಿಸಿದ್ದೂ ಚೌಕ ಎಣಿಸಿ. ಕೇಜಿನ ನಕ್ಷೆಯಲ್ಲಿ ಒಂದು ಚೌಕ ಅಡ್ಡಕ್ಕೆ 10 ಸೆಕೆಂಡು, ಎತ್ತರಕ್ಕೆ ಸೆಕೆಂಡಿಗೆ 1 ಮೀಟರ್ ಎಂದಿಟ್ಟರೆ ಚೌಕವೊಂದಕ್ಕೆ 10 ಮೀಟರ್ ಬೆಲೆ. ಪೂರ್ತಿ ಚೌಕಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚು ಒಳಗಿರುವುದನ್ನು ಒಂದೆಂದು ಹಿಡಿದು, ಕಡಿಮೆಯಿರುವುದನ್ನು ಬಿಟ್ಟರೆ 96ರ ಆಸುಪಾಸಿಗೆ ಬರುತ್ತದೆ. ಕೆಲವರು ಗೆರೆಯ ಗುಂಟ ಕಾಗದ ಕತ್ತರಿಸಿ ತೂಗುತ್ತಿದ್ದರು. ಚದರ ಮೀಟರಿಗೆ 80 ಗ್ರಾಂ ತೂಗುವ ಹಾಳೆಯಲ್ಲಿ 100 ಚದರ ಸೆಂಟಿಮೀಟರಿನ ತುಂಡು 0.8 ಗ್ರಾಂ, ಗ್ರಾಮಿನ ನೂರನೆಯ ಭಾಗ ತೋರುವ ತಕ್ಕಡಿಯಿದ್ದರೆ ಉತ್ತರ ನೂರಕ್ಕೆ ಒಂದೆರಡರ ಒಳಗೆ ನಿಲ್ಲುತ್ತದೆ. ಎರಡೂ ಒಳ್ಳೆಯ ವಿಧಾನಗಳೇ. ಆದರೆ ಫೋಟೋ ಬಂದ ಮೇಲೆ ಇವೆರಡರಲ್ಲಿ ಒಂದು ಉಳಿಯಿತು, ಇನ್ನೊಂದು ಬಿತ್ತು. ಅದರ ಕಾರಣ ನನಗೆ ಈ ಕ್ಷೇತ್ರದ ಅತಿ ಮುಖ್ಯ ಸಂಗತಿಯಾಗಿ ಕಾಣುತ್ತದೆ.

2020ರಲ್ಲಿ ಶಾಲೆ ಮುಚ್ಚಿದಾಗ ನೋಟ್ಸು, ಹೋಂವರ್ಕು, ಪ್ರಶ್ನೆಪತ್ರಿಕೆ ಎಲ್ಲವೂ ಫೋಟೋಗಳಾಗಿ ಫೋನಿನಿಂದ ಫೋನಿಗೆ ಹೋದವು. ಬೋರ್ಡಿನ ಎಡಪಕ್ಕದಲ್ಲಿ ಕೂತ ಹುಡುಗಿ ಕೂತಲ್ಲಿಂದಲೇ ಫೋಟೋ ತೆಗೆದಳು ಎನ್ನಿ. ಬೋರ್ಡಿನ ಮೇಲಿರುವುದು 100 ಸೆಕೆಂಡಿನಲ್ಲಿ ಸೊನ್ನೆಯಿಂದ ಸೆಕೆಂಡಿಗೆ 12 ಮೀಟರ್ ವೇಗಕ್ಕೆ ಏರುವ ಒಂದು ನೇರ ಗೆರೆ. ದೂರ 600 ಮೀಟರ್. ಬಲಗಡೆ ಅವಳಿಂದ ದೂರವಿರುವುದರಿಂದ ಫೋಟೋದಲ್ಲಿ ಕುಗ್ಗಿದೆ. ನಕ್ಷೆಯ ಚೌಕಟ್ಟಿನ ಎಡ ಅಂಚು 12 ಸೆಂಟಿಮೀಟರ್, ಬಲ ಅಂಚು 9 ಸೆಂಟಿಮೀಟರ್, ನಡುವಿನ ಅಗಲ 20 ಸೆಂಟಿಮೀಟರ್. ಈಗ ಎಡ ಅಂಚಿನಿಂದ ಪ್ರಮಾಣ ಹಿಡಿದವನು ಒಂದು ಚದರ ಸೆಂಟಿಮೀಟರಿಗೆ 5 ಮೀಟರ್ ಎನ್ನುತ್ತಾನೆ. ಫೋಟೋದಲ್ಲಿ ತ್ರಿಕೋನದ ವಿಸ್ತೀರ್ಣ 9 ಮತ್ತು 20ರ ಗುಣಲಬ್ಧದ ಅರ್ಧ, 90 ಚದರ ಸೆಂಟಿಮೀಟರ್. ಅವನ ಉತ್ತರ 450 ಮೀಟರ್. ಇನ್ನೂ ಜಾಣನಾದವನು ಇಡೀ ಚೌಕಟ್ಟಿನ ವಿಸ್ತೀರ್ಣವನ್ನೂ ಅಳೆದು ಅನುಪಾತ ತೆಗೆಯುತ್ತಾನೆ: ಚೌಕಟ್ಟು 210, ತ್ರಿಕೋನ 90, ಇಡೀ ಚೌಕಟ್ಟಿನ ಬೆಲೆ 1200 ಮೀಟರ್, ಉತ್ತರ ಸುಮಾರು 514. ಅದೂ ತಪ್ಪೇ. ಫೋಟೋ ಎಲ್ಲ ಕಡೆಯೂ ಒಂದೇ ಸಮ ಹಿಗ್ಗಿದ್ದರೆ ಅಥವಾ ಕುಗ್ಗಿದ್ದರೆ ಅನುಪಾತ ಕೈಕೊಡುತ್ತಿರಲಿಲ್ಲ. ಓರೆಯಾಗಿ ತೆಗೆದ ಚಿತ್ರದಲ್ಲಿ ಹತ್ತಿರದ ಚೌಕ ದೊಡ್ಡದು, ದೂರದ ಚೌಕ ಚಿಕ್ಕದು. ನಮ್ಮ ತ್ರಿಕೋನದ ಬಹುಭಾಗ ಚಿಕ್ಕ ಚೌಕಗಳ ಕಡೆಗೇ ಇದೆ. ಕಾಗದ ಕತ್ತರಿಸಿ ತೂಗಿದರೂ, ಕಂಪ್ಯೂಟರಿನಲ್ಲಿ ಚುಕ್ಕಿ ಎಣಿಸಿದರೂ ಇದೇ ಗತಿ.

ಚೌಕ ಎಣಿಸುವವನಿಗೆ ಮಾತ್ರ ಈ ತೊಂದರೆಯಿಲ್ಲ. ಫೋಟೋದಲ್ಲಿ ಚೌಕ ಸೊಟ್ಟಗಾಗಲಿ, ಕಿರಿದಾಗಲಿ, ಅದರ ಬೆಲೆ 10 ಮೀಟರೇ. ನೇರ ಗೆರೆ ಫೋಟೋದಲ್ಲೂ ನೇರವಾಗಿಯೇ ಇರುತ್ತದೆ, ಯಾವ ಚೌಕವನ್ನು ದಾಟಿತ್ತೋ ಅದನ್ನೇ ದಾಟುತ್ತದೆ. ಕ್ಯಾಮೆರಾ ಎಲ್ಲೇ ಇದ್ದರೂ ಎಣಿಕೆ ಬದಲಾಗದು. ಹಳತೆಂದು ಬದಿಗಿಟ್ಟ ವಿಧಾನವೇ ಹೊಸ ಸಾಧನದ ದೋಷ ತಾಗದೆ ನಿಂತದ್ದು.

ಈ ತಪ್ಪು ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ಮೇಲಿನ ಕೇಜಿನ ತ್ರಾಪಿಜ್ಯವನ್ನು ಇದೇ ಓರೆ ಫೋಟೋದಲ್ಲಿ ಅನುಪಾತದಿಂದ ಅಳೆದರೆ ಸುಮಾರು 947 ಮೀಟರ್ ಬರುತ್ತದೆ. ನಿಜ 960. ಎಡಗಡೆಯ ಹಿಗ್ಗು ಬಲಗಡೆಯ ಕುಗ್ಗನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ನಮ್ಮ ಪುಸ್ತಕಗಳಲ್ಲಿ ಎರಡು ಪಕ್ಕವೂ ಒಂದೇ ಥರ ಇರುವ ತ್ರಾಪಿಜ್ಯಗಳೇ ಹೆಚ್ಚು. ಅವುಗಳ ಮೇಲೆ ಪರೀಕ್ಷಿಸಿ ‘ಫೋಟೋ ವಿಧಾನ ಸರಿಯಾಗಿದೆ’ ಎಂದವರು ಒಂದೇ ಪಕ್ಕಕ್ಕೆ ಏರುವ ಗೆರೆಯೊಂದನ್ನು ಅಳೆದು ನೋಡಬೇಕು.

ಫೋಟೋ ಓರೆಯಾಗಿದೆಯೇ ಎಂದು ತಿಳಿಯಲು ಚೌಕಟ್ಟಿನ ಎರಡು ಕರ್ಣಗಳನ್ನು ಎಳೆದರೆ ಸಾಕು. ಅವು ಕೂಡುವ ಜಾಗ ನಿಜವಾದ ನಕ್ಷೆಯ ನಟ್ಟನಡುವೆ, ಅಂದರೆ 50 ಸೆಕೆಂಡು, ಸೆಕೆಂಡಿಗೆ 6 ಮೀಟರ್. ನೇರವಾಗಿ ತೆಗೆದ ಫೋಟೋದಲ್ಲಿ ಅದು ಎಡ ಅಂಚಿನಿಂದ 10 ಸೆಂಟಿಮೀಟರಿನಲ್ಲಿ ಇರಬೇಕು. ನಮ್ಮ ಫೋಟೋದಲ್ಲಿ ಸುಮಾರು 11.4ರಲ್ಲಿದೆ. ಬೋರ್ಡಿನ ಮೇಲೆ ಚೌಕಗಳೇ ಇಲ್ಲದಿದ್ದರೂ ಈ ಬಿಂದುವಿನಿಂದ ಅವನ್ನು ಮತ್ತೆ ಕಟ್ಟಿಕೊಳ್ಳಬಹುದು. ಎಡ, ಬಲ ಅಂಚುಗಳು ಚಿತ್ರದಲ್ಲೂ ಸಮಾಂತರವಾಗಿದ್ದರೆ ಕೂಡುಬಿಂದುವಿನ ಮೂಲಕ ಅವಕ್ಕೆ ಸಮಾಂತರವಾಗಿ ಒಂದು ಗೆರೆ. ಮೇಲಿನ, ಕೆಳಗಿನ ಅಂಚುಗಳನ್ನು ಬೆಳೆಸಿದರೆ ಬಲಕ್ಕೆ ಎಲ್ಲೋ ಒಂದೆಡೆ ಕೂಡುತ್ತವೆ. ಅಲ್ಲಿಂದ ಅದೇ ಬಿಂದುವಿನ ಮೂಲಕ ಇನ್ನೊಂದು ಗೆರೆ. ಚೌಕಟ್ಟು ನಾಲ್ಕು ಭಾಗವಾಯಿತು. ಒಂದೊಂದರಲ್ಲೂ ಮತ್ತೆ ಹಾಗೇ ಮಾಡಿದರೆ ಹದಿನಾರು ಮನೆ, ಮನೆಯೊಂದಕ್ಕೆ 75 ಮೀಟರ್. ಆ ಏರುಗೆರೆಯ ಕೆಳಗೆ ಆರು ಪೂರ್ತಿ ಮನೆ, ನಾಲ್ಕು ಅರ್ಧ ಮನೆ. ಒಟ್ಟು ಎಂಟು, 600 ಮೀಟರ್. ಇದಕ್ಕೆ ಬೇಕಾದದ್ದು ಅಡಿಪಟ್ಟಿ ಮತ್ತು ಪೆನ್ಸಿಲ್ ಮಾತ್ರ. ಫೋನಿನ ಸ್ಕ್ಯಾನರ್‌ಗಳು ಹಾಳೆಯ ನಾಲ್ಕು ಮೂಲೆ ಹಿಡಿದು ಚಿತ್ರ ನೇರ ಮಾಡುವುದೂ ಇದೇ ರೇಖಾಗಣಿತದಿಂದ. ಎರಡಕ್ಕೂ ಮಿತಿಯಿದೆ: ಹಾಳೆ ಸಪಾಟಾಗಿರಬೇಕು. ಪುಸ್ತಕದ ಬೆನ್ನಿನ ಹತ್ತಿರ ಬಾಗಿದ ಪುಟದಲ್ಲಿ ನೇರ ಗೆರೆಯೇ ಬಳುಕಿರುತ್ತದೆ, ಕರ್ಣಗಳು ನಂಬಿಕೆಗೆ ಅರ್ಹವಲ್ಲ. ಅಲ್ಲಿ ಅಚ್ಚಾದ ಚೌಕಗಳನ್ನು ಒಂದೊಂದಾಗಿ ಎಣಿಸುವುದೇ ದಾರಿ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಹುಡುಗರು ಫೋನಿನಲ್ಲಿ ವೇಗದ ನಕ್ಷೆ ಹಿಡಿದು ಅದರ ಸ್ಕ್ರೀನ್‌ಶಾಟ್ ತರುವುದುಂಟು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಹತ್ತಿರ ಹತ್ತಿರ. ಪ್ರತಿ ನಿಲುಗಡೆಯಲ್ಲಿ ಗೆರೆ ಸೊನ್ನೆಗೆ ಇಳಿಯುವುದು ಪಾಠಕ್ಕೆ ಚೆನ್ನ. ಇಲ್ಲಿ ಓರೆಯ ಪ್ರಶ್ನೆಯಿಲ್ಲ, ಬೇರೆ ಎರಡಿವೆ. ವೇಗ ಗಂಟೆಗೆ ಕಿಲೋಮೀಟರಿನಲ್ಲಿ, ಕಾಲ ನಿಮಿಷದಲ್ಲಿ ಇರುವುದರಿಂದ, ಗಂಟೆಗೆ 10 ಕಿಲೋಮೀಟರ್ ಎತ್ತರ, ಒಂದು ನಿಮಿಷ ಅಗಲದ ಮನೆಗೆ ಬೆಲೆ ಸುಮಾರು 167 ಮೀಟರ್. ಇನ್ನೊಂದು, ಗೆರೆ ದೊಡ್ಡದಾಗಿ ಕಾಣಲೆಂದು ಫೋನು ಕೆಲವೊಮ್ಮೆ ಎತ್ತರದ ಅಕ್ಷವನ್ನು ಸೊನ್ನೆಯಿಂದ ತೊಡಗಿಸುವುದಿಲ್ಲ. ನಿಲ್ದಾಣಗಳ ನಡುವೆ ಮಾತ್ರ ಹಿಡಿದ ಚಿತ್ರದಲ್ಲಿ ಅಕ್ಷ 20ರಿಂದ ಶುರುವಾಗಿದ್ದರೆ ನಿಮಿಷಕ್ಕೆ ಎರಡು ಮನೆಯಂತೆ ದೂರ ಮಾಯವಾಗುತ್ತದೆ. ಮೂರು ನಿಮಿಷದ ಓಟದಲ್ಲಿ ಅದೇ ಒಂದು ಕಿಲೋಮೀಟರ್. ಕತ್ತರಿಸಿ ಕಳಿಸಿದ ಫೋಟೋದಲ್ಲಿ ಅಕ್ಷದ ಅಂಕೆಗಳೇ ಇಲ್ಲದಿದ್ದರೆ ಈ ನಷ್ಟವನ್ನು ಕಂಡುಹಿಡಿಯಲು ಯಾವ ಲೆಕ್ಕವೂ ನೆರವಾಗದು.

ಇಷ್ಟೆಲ್ಲ ಆದರೂ ನಾನು ನೋಡಿದ ಪ್ರಶ್ನೆಪತ್ರಿಕೆಗಳಲ್ಲಿ ನಕ್ಷೆ ಯಾವಾಗಲೂ ನೇರ, ಸೊನ್ನೆ ಯಾವಾಗಲೂ ಮೂಲೆಯಲ್ಲಿ, ಆಕೃತಿ ಯಾವಾಗಲೂ ಸಮಪಕ್ಕದ ತ್ರಾಪಿಜ್ಯ. ಮಕ್ಕಳು ದಿನವೂ ನೋಡುವ ನಕ್ಷೆಗಳು ಹಾಗಿಲ್ಲ. ಓರೆಯಾಗಿ ತೆಗೆದ ಒಂದು ಫೋಟೋವನ್ನು ಹಾಗೆಯೇ ಅಚ್ಚು ಹಾಕಿ, ಚೌಕಟ್ಟಿನ ನಾಲ್ಕು ಮೂಲೆಗಳ ಬೆಲೆ ಕೊಟ್ಟು, ದೂರ ಎಷ್ಟು, ಈ ಫೋಟೋವನ್ನು ಎಷ್ಟು ನಂಬಬಹುದು ಎಂದು ಎರಡು ಪ್ರಶ್ನೆ ಕೇಳಲು ಒಂದು ಪುಟವೂ ಬೇಡ. ಜಿಲ್ಲೆಯ ವಿಜ್ಞಾನ ಶಿಕ್ಷಕರು ಮುಂದಿನ ಕಿರುಪರೀಕ್ಷೆಯಲ್ಲೇ ಅಂಥದೊಂದನ್ನು ಸೇರಿಸಬಹುದು.